ಅಮ್ಮನ ಅರವತ್ತು ಮತ್ತು ಎಕೋ ಗುಂಡಿ

ನಮ್ಮಲ್ಲಿ ಅರವತ್ತು ಎನ್ನುವುದು ಗಂಡಸರ ಸ್ವತ್ತು. ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಗಳ ಒಂದು ಸುತ್ತು ಮುಗಿದು, ಹುಟ್ಟಿದ ಸಂವತ್ಸರ ಮತ್ತೆ ಬಂತೆಂದು ಅಪ್ಪನಿಗೆ ಷಷ್ಟ್ಯಬ್ದಿ ಶಾಂತಿ ಆಯಿತು. ಹೋಮ, ಕಲಶದ ನೀರು, ಮೇಲಿಂದ ಇನ್ನೊಮ್ಮೆ ಮದುವೆ. ಅಮ್ಮ ಪಕ್ಕದಲ್ಲಿ ಒದ್ದೆಯಾಗಿ ಕೂತಿದ್ದಳು. 1965ರ ವಿಶ್ವಾವಸುವಿನಲ್ಲಿ ಹುಟ್ಟಿದ ಅಮ್ಮನಿಗೆ 2025ರಲ್ಲಿ ಅದೇ ವಿಶ್ವಾವಸು ಬಂದಾಗ ಪುರೋಹಿತರನ್ನು ಕೇಳಿದರೆ, “ಯಜಮಾನರದ್ದು ಆಯ್ತಲ್ಲ, ಅದರಲ್ಲೇ ಇವರದ್ದೂ ಬಂತು” ಅಂದುಬಿಟ್ಟರು.

ತಂಗಿಗೆ ಈ ಲೆಕ್ಕ ಸರಿಬರಲಿಲ್ಲ. ಹೋಮ ಇಲ್ಲದಿದ್ದರೆ ಬೇಡ, ನೆಂಟರನ್ನು ಕರೆದು ಊಟ ಹಾಕೋಣ, ಎಲೆ ಹಾಕುವ ಮುಂಚೆ ಅಮ್ಮನ ಬಗ್ಗೆ ಒಂದು ಆಡಿಯೊ ಕೇಳಿಸೋಣ ಎಂದಳು. ಭಾಷಣ ಯಾಕೆ ಬೇಡವೆಂದರೆ, ಮೈಕು ಹಿಡಿದರೆ ನಾನು ಎರಡನೇ ವಾಕ್ಯಕ್ಕೇ ಅಳುತ್ತೇನೆ ಎಂಬುದು ಬಳಗಕ್ಕೆಲ್ಲ ಗೊತ್ತು.

ಬರೆಯಲು ಕೂತೆ. ತ್ಯಾಗಮಯಿ, ಸಹನಾಮೂರ್ತಿ, ಕರುಣೆಯ ಕಡಲು ಎಂದೆಲ್ಲ ಪೆನ್ನು ತಾನೇ ಓಡಿತು. ಅಪ್ಪನಿಗೆ ಓದಿ ಹೇಳಿದೆ. ಪೇಪರ್ ಮಡಚಿಟ್ಟು, “ಅಯ್ಯೋ, ಯಾರು ಹೋಗಿದ್ದು?” ಅಂದರು. ಅಲ್ಲಿಂದ ಒಂದು ಕಾನೂನು ಮಾಡಿಕೊಂಡೆ: ಚಿಕ್ಕಮ್ಮನ ಬಗ್ಗೆಯೂ ಹೇಳಬಹುದಾದ ವಾಕ್ಯ ಇದ್ದರೆ ಅದಕ್ಕೆ ಕತ್ತರಿ. ತ್ಯಾಗ ಹೋಯಿತು, ಸಹನೆ ಹೋಯಿತು, ಕೈರುಚಿಯೂ ಹೋಯಿತು. ಉಳಿದದ್ದು ಸ್ಕೂಟರ್.

ನಲವತ್ತು ದಾಟಿದ ಮೇಲೆ ಸ್ಕೂಟರ್ ಕಲಿತವಳು ನಮ್ಮಮ್ಮ. ಬ್ಯಾಂಕಿಗೆ ಕರೆದುಕೊಂಡು ಹೋಗಿ ಎಂದರೆ ಅಪ್ಪ “ನಾಳೆ” ಎನ್ನುತ್ತಿದ್ದರಂತೆ, ಆ ನಾಳೆಗಳು ಒಂದು ವರ್ಷ ತುಂಬಿದ ದಿನ ಕಲಿಯಲು ಹೊರಟಳು. ಈಗಲೂ ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆದು, ಖಾಲಿ ರಸ್ತೆಗೆ “ಸ್ವಲ್ಪ ಸರೀರಿ” ಎನ್ನುತ್ತಾಳೆ. ಗೇಟಿನ ಮುಂದೆ ಎರಡು ಸಲ ಪೀಪೀ ಕೇಳಿದರೆ ಒಳಗಿನವರು ಟೀವಿ ಆರಿಸಬೇಕು. ಇದು ಚಿಕ್ಕಮ್ಮನಿಗೆ ಒಪ್ಪುವುದಿಲ್ಲ, ಆಕೆಗೆ ಸೈಕಲ್ಲೂ ಬಾರದು.

ನಿಧಾನವಾಗಿ ಓದಿದರೆ ನೂರು ಪದಕ್ಕೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಹೋಳಿಗೆಯ ವಾಸನೆ ಬರುತ್ತಿರುವಾಗ ನಮ್ಮ ಬಳಗ ಬಾಯಿ ಮುಚ್ಚಿಕೊಂಡು ಕೂರುವುದು ಹೆಚ್ಚೆಂದರೆ ನಾಲ್ಕು ನಿಮಿಷ. ಹಾಗಾಗಿ ನನಗೆ ಇನ್ನೂರು ಪದ, ಮಿಕ್ಕದ್ದು ನೆಂಟರಿಗೆ. ವಾಟ್ಸಾಪಿನ ವಾಯ್ಸ್ ನೋಟ್ ಮನೆಯ ಫೋನಿನಲ್ಲಿ ಚೆನ್ನಾಗಿದ್ದರೂ ದೊಡ್ಡ ಸ್ಪೀಕರಿನಲ್ಲಿ ಸೊರಗುತ್ತದೆ. ಅದಕ್ಕೇ ಫೋನಿನ ರೆಕಾರ್ಡರಿನಲ್ಲೇ ಹೇಳಿ ಆ ಫೈಲು ಕಳಿಸಿ ಎಂದು ಬೇಡಿಕೊಂಡೆ. ದೊಡ್ಡಮಾವ ಹನ್ನೊಂದು ನಿಮಿಷ ಕಳಿಸಿದರು. ಮೊದಲು “ಹಲೋ, ಕೇಳಿಸ್ತಾ?”, ನಡುವೆ ಅಡಿಕೆ ರೇಟು, ಹಿಂದೆ ಕುಕ್ಕರಿನ ಸೀಟಿ. ಕೊನೆಗೆ “ಅಕ್ಕ ನನಗೆ ಈಜು ಕಲಿಸಿದ್ದು ಬಾವಿಗೆ ತಳ್ಳಿ” ಎಂಬ ಒಂದು ಮಾತು. ಅದಷ್ಟನ್ನೇ ಕತ್ತರಿಸಿ ಇಟ್ಟುಕೊಂಡೆ. ಚಿನ್ನದಂಥ ಮಾತು.

ನನ್ನ ಭಾಗದ ರೆಕಾರ್ಡಿಂಗ್ ನಡೆದದ್ದು ಅಮ್ಮನ ಬೀರುವಿನ ಮುಂದೆ. ಬೋಳು ಗೋಡೆಯ ಕೋಣೆಯಲ್ಲಿ ದನಿ ಗುಡಿಯೊಳಗೆ ಮಾತಾಡಿದ ಹಾಗೆ ಗುಂಯ್ ಎನ್ನುತ್ತದೆ. ಬಾಗಿಲು ತೆಗೆದ ಬೀರುವಿನ ಸೀರೆಗಳಿಗೆ ಮುಖ ಮಾಡಿ ಮಾತಾಡಿದರೆ ಆ ಗುಂಯ್ಯನ್ನು ಬಟ್ಟೆ ನುಂಗಿಕೊಳ್ಳುತ್ತದೆ. ಫ್ಯಾನ್ ಆರಿಸಬೇಕು. ಫೋನು ಬಾಯಿಗೆ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿರಬೇಕು. ನೇರ ಹಿಡಿದರೆ ‘ಭ’, ‘ಫ’ ಬಂದಲ್ಲೆಲ್ಲ ಉಸಿರು ಮೈಕಿಗೆ ಬಡಿದು ಬಾಂಬು ಸಿಡಿದಂತಾಗುತ್ತದೆ. ಸೀರೆಗಳ ಜೊತೆ ಮಾತಾಡುತ್ತಿದ್ದ ನನ್ನನ್ನು ಕೆಲಸದ ಲಕ್ಷ್ಮಮ್ಮ ನೋಡಿ, ಅಮ್ಮನಿಗೆ “ಅಕ್ಕೋರಿಗೆ ಯಾಕೋ ಹುಷಾರಿಲ್ಲ” ಎಂದು ವರದಿ ಒಪ್ಪಿಸಿದ್ದಳಂತೆ. ಕೊನೆಗೆ ಅಮ್ಮ ಬ್ಯಾಂಕಿನಿಂದ ಬರುವಾಗ ಕಿಟಕಿಯಲ್ಲಿ ಫೋನು ಇಟ್ಟು ಪೀಪೀಯನ್ನೂ ಗೇಟಿನ ಕಿರ್ರ್ ಸದ್ದನ್ನೂ ಕದ್ದು ಹಿಡಿದೆ.

ಊಟದ ದಿನ ಆಡಿಯೊ ಶುರುವಾಯಿತು. “ಅಮ್ಮಾ” ಎಂದೆ, ಹಾಲ್ ತುಂಬ “ಮ್ಮಾ… ಮ್ಮಾ… ಮ್ಮಾ” ಎಂದಿತು. ಮೈಕ್‌ಸೆಟ್ಟಿನ ಹುಡುಗ ಎಕೋ ಗುಂಡಿಯನ್ನು ತುದಿಯವರೆಗೂ ತಿರುಗಿಸಿದ್ದ. ನಾಟಕಕ್ಕೂ ನಾಮಕರಣಕ್ಕೂ ಅವನದು ಒಂದೇ ಅಳತೆ. ತಂಗಿ ಓಡಿ ಅದನ್ನು ಸೊನ್ನೆಗೆ ಇಳಿಸಿ ಮತ್ತೆ ಮೊದಲಿಂದ ಹಾಕಿಸಿದಳು. ಬಾವಿಯ ಮಾತಿಗೆ ನಗು ಬಂತು. ಸ್ಪೀಕರಿನಲ್ಲಿ ಪೀಪೀ ಎಂದ ಕೂಡಲೇ ಅಪ್ಪ ಅರ್ಧ ಎದ್ದೇಬಿಟ್ಟರು, ಅಭ್ಯಾಸಬಲ. ಗೇಟು ಕಿರ್ರ್ ಎಂದಾಗ ಅಮ್ಮ ಅವರ ಕಡೆ ತಿರುಗಿ, “ಎಣ್ಣೆ ಬಿಡಿ ಬಿಡಿ ಅಂತ ಬಡ್ಕೊಂಡೆ. ಈಗ ಬಳಗಕ್ಕೆಲ್ಲ ಗೊತ್ತಾಯ್ತು” ಅಂದಳು. ಆಡಿಯೊ ಬಗ್ಗೆ ಅವಳು ಕೊಟ್ಟ ಅಭಿಪ್ರಾಯ ಅದೊಂದೇ.

ನೀವೂ ಇಂಥದ್ದೊಂದು ಮಾಡುವವರಿದ್ದರೆ, ಫೋನನ್ನು ಮೊದಲೇ ಏರ್‌ಪ್ಲೇನ್ ಮೋಡಿಗೆ ಹಾಕಿಬಿಡಿ, ಇಲ್ಲವಾದರೆ ನಡುವೆ ಸಾಲ ಬೇಕಾ ಎಂದು ಯಾರಾದರೂ ಕರೆಯುತ್ತಾರೆ. ಮೈಕ್‌ಸೆಟ್ಟಿನ ಹುಡುಗನಿಗೆ ಕಾಫಿ ಕೊಟ್ಟು, ಅವನು ಕುಡಿಯುತ್ತಿರುವಾಗಲೇ ಆ ಗುಂಡಿ ಇಳಿಸಿ.