ಆಮ್ಯಾಗ ಏನಾಯ್ತಂದ್ರ…

ಸೇಡಂನಿಂದ ವಾಡಿಗೆ ಬರುವ ರೈಲು ಮಳಖೇಡ ರೋಡ್, ಚಿತ್ತಾಪುರ ದಾಟಿಕೊಂಡು ಬರುತ್ತದೆ. ಶಹಾಬಾದ್ ಇರುವುದು ವಾಡಿಯ ಆಚೆ ಮಗ್ಗುಲಿಗೆ, ಕಲಬುರಗಿ ಕಡೆಗೆ. ಚಿಂಚೋಳಿಗೆ ರೈಲೇ ಇಲ್ಲ, ಬಸ್ಸೇ ಗತಿ. ಈ ಊರುಗಳವರು ದಿನಾ ಬೆಳಿಗ್ಗೆ ಒಂದೇ ಸಿಮೆಂಟ್ ಕಾರ್ಖಾನೆಯ ಒಂದೇ ಶೆಡ್ಡಿನಲ್ಲಿ ಸೇರುತ್ತಿದ್ದರು. ಕಾರ್ಖಾನೆಯ ಹೆಸರು ಬೇಡ. ಸುಣ್ಣದ ಕಲ್ಲಿನ ಈ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗೇನು ಬರವಿಲ್ಲ, ಓದುಗರು ತಮಗೆ ಬೇಕಾದ ಚಿಮಣಿಯನ್ನು ಕಲ್ಪಿಸಿಕೊಳ್ಳಬಹುದು.

ಮೆಕ್ಯಾನಿಕಲ್ ಸೆಕ್ಷನ್ನಿನ ಎಂಟು ಜನರ ಬೆಳಗಿನ ಸಭೆ ಅದು. ನಡೆಸುವ ಹೊಣೆ ಈ ಪ್ರಬಂಧಕಾರನದು. ಕಾಗದದ ಮೇಲೆ ಅದು 10 ನಿಮಿಷದ ಸಭೆ. ಕುರ್ಚಿ ಇದ್ದವು, ಚಹಾ ಬರುತ್ತಿತ್ತು, ತಲೆಯ ಮೇಲೆ ಫ್ಯಾನ್ ಇತ್ತು. ಹಾಗಾಗಿ ಅದು 40 ನಿಮಿಷ ನಡೆಯುತ್ತಿತ್ತು. ಎಂಟು ಜನರ 40 ನಿಮಿಷ ಎಂದರೆ 320 ನಿಮಿಷ. ಒಬ್ಬ ಫಿಟ್ಟರ್ ಐದು ತಾಸಿಗೂ ಹೆಚ್ಚು ಹೊತ್ತು ಸ್ಪ್ಯಾನರ್ ಕೆಳಗಿಟ್ಟು ಕೂತಂತೆ. ಅಷ್ಟು ಹೊತ್ತು ನಿಜವಾಗಿ ಒಬ್ಬ ಫಿಟ್ಟರ್ ಕೂತಿದ್ದರೆ ಅವನಿಗೆ ಮೆಮೊ ಕೊಡುತ್ತಿದ್ದರು. ಎಂಟು ಜನ ಹಂಚಿಕೊಂಡು ಕೂತದ್ದಕ್ಕೆ ‘ಮೀಟಿಂಗ್’ ಎಂಬ ಹೆಸರಿತ್ತು.

ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ, ಊರಿನಿಂದಲೇ ಗುರುತು. ಎಲ್ಲರಿಗಿಂತ ಹಿರಿಯರು ಶಹಾಬಾದ ಕಾಕಾ. ಅವರ ಕೈ ಗಿಯರ್‌ಬಾಕ್ಸಿನ ಮೇಲೆ ಬಿದ್ದರೆ ಸಾಕು, ಒಳಗಿನ ಬೇರಿಂಗಿನ ಜಾತಕ ಹೇಳುತ್ತಿದ್ದರು. ಆದರೆ ಹೇಳುವ ದಾರಿ ಮಾತ್ರ ದೊಡ್ಡದು. ಒಂದು ಸೋಮವಾರದ ವರದಿ ಹೀಗಿತ್ತು:

“ನಿನ್ನಿ ಏನಾಯ್ತಂದ್ರ ಸಾಹೇಬ್ರ, ಎಲಿವೇಟರ್ ಕಡಿ ಹೊಂಟಿದ್ದೆ. ದಾರ್ಯಾಗ ಸ್ಟೋರಿನವ ಸಿಕ್ಕ. ಮಗಳ ಲಗ್ನ ಅದ ಅಂದ. ಯಾ ಊರಿಗಿ ಕೊಟ್ಟಿ ಅಂದೆ. ಸೇಡಂ ಅಂದ. ಆಮ್ಯಾಗ ಏನಾಯ್ತಂದ್ರ, ಬಕೆಟ್ ಬೋಲ್ಟ್ ಬೇಕಿದ್ವು, ಚಾವಿ ಇದ್ದವ ಊಟಕ್ಕ ಹೋಗಿದ್ದ. ಆಮ್ಯಾಗ…”

ಒಂಬತ್ತನೇ ನಿಮಿಷಕ್ಕೆ, ಮೂವರು ಗಡಿಯಾರ ನೋಡಿ ಒಬ್ಬ ಚಹಾದ ಲೋಟ ತೊಳೆಯಲು ಎದ್ದ ಮೇಲೆ, ಕಾಕಾ ಒಂದು ಮಾತು ಸೇರಿಸಿದರು: “ಗಿಯರ್‌ಬಾಕ್ಸಿನ ಎಣ್ಣ್ಯಾಗ ಚಮಕ್ ಕಂಡದ.” ಎಣ್ಣೆಯಲ್ಲಿ ಹೊಳಪು ಎಂದರೆ ಲೋಹದ ಪುಡಿ. ಒಳಗೆ ಹಲ್ಲೋ ಬೇರಿಂಗೋ ಸವೆಯುತ್ತಿದೆ ಎಂದು ಅರ್ಥ. ಇಡೀ ಸಭೆಯಲ್ಲಿ ಎಲ್ಲರೂ ಕೇಳಲೇಬೇಕಿದ್ದ ಮಾತು ಅದೊಂದೇ. ಅದನ್ನು ಕೇಳಲು ಎಚ್ಚರವಾಗಿದ್ದವರು ಇಬ್ಬರು.

ಇದಕ್ಕೆ ಮದ್ದು ಹುಡುಕುವಾಗ ಕಣ್ಣಿಗೆ ಬಿದ್ದದ್ದು ನಿಂತು ಸಭೆ ಮಾಡುವ ಪದ್ಧತಿ. ಸಾಫ್ಟ್‌ವೇರ್ ಮಂದಿಗೆ ಅದು ಹಳೆಯದು. ‘ಸ್ಕ್ರಮ್’ ಎಂಬ ಅವರ ಕೆಲಸದ ಕ್ರಮವನ್ನು ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ 1995ರಲ್ಲಿ ಜನರ ಮುಂದಿಟ್ಟರು. ಅದರ ದಿನದ ಸಭೆಗೆ 15 ನಿಮಿಷದ ಗಡುವು. ನಿನ್ನೆ ಏನಾಯಿತು, ಇವತ್ತು ಏನು, ಅಡ್ಡಿ ಏನು ಎಂಬ ಮೂರು ಪ್ರಶ್ನೆ ಬಹುಕಾಲ ಅದರ ಗುರುತಾಗಿದ್ದವು. ನಿಲ್ಲುವುದರಿಂದ ನಿಜಕ್ಕೂ ಸಮಯ ಉಳಿಯುತ್ತದೆಯೇ ಎಂಬುದನ್ನು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಬ್ಲೂಡಾರ್ನ್ ಮತ್ತು ಸಂಗಡಿಗರು ಅಳೆದು ನೋಡಿದ್ದಾರೆ. ಐದೈದು ಜನರ 111 ಗುಂಪು ಮಾಡಿ, ಕೆಲವರನ್ನು ಕೂರಿಸಿ, ಕೆಲವರನ್ನು ನಿಲ್ಲಿಸಿ, ಒಂದೇ ಸಮಸ್ಯೆ ಕೊಟ್ಟರು. ಕೂತವರು ಶೇ. 34ರಷ್ಟು ಹೆಚ್ಚು ಹೊತ್ತು ತೆಗೆದುಕೊಂಡರು. ತೀರ್ಮಾನ ಮಾತ್ರ ನಿಂತವರದಕ್ಕಿಂತ ಉತ್ತಮವಾಗಿರಲಿಲ್ಲ. 1999ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಓದಿದ ದಿನವೇ ಪ್ರಬಂಧಕಾರ ಕುರ್ಚಿಗಳನ್ನು ಸ್ಟೋರಿಗೆ ಕಳಿಸಿದ. ಸಭೆಯನ್ನು ಶೆಡ್ಡಿನ ಹೊರಗೆ, ಬೇವಿನ ಮರದ ನೆರಳಿಗೆ, ಕೆಲಸದ ಬೋರ್ಡಿನ ಮುಂದೆ ತಂದ.

ಮೊದಲ ದಿನ ಸಭೆ 38 ನಿಮಿಷಕ್ಕೆ ಮುಗಿಯಿತು. ಎರಡು ನಿಮಿಷದ ಉಳಿತಾಯ! ಮೊಣಕಾಲು ನೋವಿದ್ದ ಕಾಕಾಗೆ ಮಾತ್ರ ಒಂದು ಸ್ಟೂಲು ಹಾಕಿದ್ದರು. ಒಬ್ಬರೇ ಕೂತು, ಏಳು ಜನ ಸುತ್ತ ನಿಂತಾಗ ಅದು ಪುರಾಣ ಹೇಳುವ ಕಟ್ಟೆಯಂತೆಯೇ ಕಾಣುತ್ತಿತ್ತು.

ಎರಡನೆಯ ದಿನ ಚಿಂಚೋಳಿಯ ಹುಡುಗ ಯಾರಿಗೂ ಹೇಳದೆ ಮೊಬೈಲಿನಲ್ಲಿ ಲೆಕ್ಕ ಇಟ್ಟ. ಕಾಕಾ 9 ನಿಮಿಷ. ಉಳಿದ ಆರು ಜನ ಸೇರಿ 12 ನಿಮಿಷ. ಸಭೆ ನಡೆಸುವ ಸಾಹೇಬರು 17 ನಿಮಿಷ. ಒಬ್ಬೊಬ್ಬರ ಮಾತಿನ ಹಿಂದೆಯೂ ಪ್ರಬಂಧಕಾರನ ಟೀಕೆ, ಟಿಪ್ಪಣಿ, ತನ್ನ ಹಳೆಯ ಅನುಭವದ ಒಂದು ಉಪಕಥೆ ಇರುತ್ತಿತ್ತಂತೆ. ಹುಡುಗ ಮೊಬೈಲನ್ನು ತೋರಿಸಿ, “ತಪ್ಪ ತಿಳ್ಕೋಬ್ಯಾಡ್ರಿ ಸರ್” ಎಂದ. ತಪ್ಪು ತಿಳಿಯಲು ಅವಕಾಶವೇ ಇರಲಿಲ್ಲ, ಅಂಕಿ ಸ್ಪಷ್ಟವಾಗಿತ್ತು.

ಹಾಗಾಗಿ ಮೊದಲ ಕಾಯಿದೆ ಸಾಹೇಬರಿಗೇ ಬಂತು. ಅವರು ನಡುವೆ ನಿಲ್ಲುವಂತಿಲ್ಲ, ಬೋರ್ಡಿನ ಪಕ್ಕ ಸರಿದು ನಿಲ್ಲಬೇಕು. ಹೇಳುವವರು ಸಾಹೇಬರ ಮುಖ ನೋಡದೆ ಬೋರ್ಡನ್ನೂ ಒಬ್ಬರನ್ನೊಬ್ಬರನ್ನೂ ನೋಡಿ ಹೇಳಬೇಕು. ಸಾಹೇಬರ ಮುಖ ನೋಡಿದ ಕೂಡಲೇ ಮನುಷ್ಯ ತಾನು ಎಷ್ಟು ಕಷ್ಟಪಟ್ಟೆ ಎಂದು ಸಾಬೀತು ಮಾಡಲು ಹೊರಡುತ್ತಾನೆ. ಸ್ಟೋರಿನವನ ಮಗಳ ಲಗ್ನ ಬರುವುದು ಆ ದಾರಿಯಲ್ಲೇ.

ಎರಡನೆಯದು ಹೇಳುವ ಕ್ರಮ. ಮೂರು ಪ್ರಶ್ನೆಗಳನ್ನು ಇವರು ತಿರುಗಾಮುರುಗಾ ಮಾಡಿದರು. ಮೊದಲು ಅಡ್ಡಿ, ಆಮೇಲೆ ಇವತ್ತಿನ ಕೆಲಸ, ನಿನ್ನೆಯದು ಕೊನೆಗೆ, ಅದೂ ಮುಗಿಯಿತೋ ಇಲ್ಲವೋ ಎಂಬಷ್ಟೇ. ಕಾಕಾರ ಅದೇ ಸೋಮವಾರದ ವರದಿ ಈ ಕ್ರಮದಲ್ಲಿ ಹೀಗಾಗುತ್ತದೆ: “ಎಲಿವೇಟರ್ ಗಿಯರ್‌ಬಾಕ್ಸಿನ ಎಣ್ಣ್ಯಾಗ ಚಮಕ್ ಅದ, ಸ್ಯಾಂಪಲ್ ತೆಗ್ಯಾಕ ಪರ್ಮಿಟ್ ಬೇಕು. ಇವತ್ತ ಉಳಿದ ಆರು ಬಕೆಟಿಗಿ ಬೋಲ್ಟ್ ಹಾಕ್ತೀನಿ. ನಿನ್ನಿ ನಾಕು ಆಗ್ಯಾವ.” ಹೇಳಲು ಅರ್ಧ ನಿಮಿಷವೂ ಬೇಡ. ಪರ್ಮಿಟ್ ಎಂಬ ಮಾತು ಕಿವಿಗೆ ಬಿದ್ದೊಡನೆ ಚಿತ್ತಾಪುರದ ಎಲೆಕ್ಟ್ರಿಷಿಯನ್ನಿಗೆ ತಾನು ಮೋಟರಿನ ಕರೆಂಟ್ ತೆಗೆದು, ಬೀಗ ಜಡಿದು, ಚೀಟಿ ಕಟ್ಟಬೇಕೆಂಬುದು ತಿಳಿಯುತ್ತದೆ. ಅಂಕಿ ಇದ್ದುದರಿಂದ ನಾಳೆ ಕೇಳಲೂ ಸುಲಭ, ಆರರಲ್ಲಿ ಎಷ್ಟಾಯಿತು ಎಂದು.

ಚುಟುಕು ಎಂದ ಕೂಡಲೇ ಇನ್ನೊಂದು ರೋಗ ಹುಟ್ಟಿತು. ಸೇಡಂ ಅಣ್ಣ ನಾಲ್ಕು ದಿನ ಸತತವಾಗಿ “ಎಲ್ಲಾ ಬರಾಬರ್ ಅದ” ಎಂದು ಎರಡೇ ಸೆಕೆಂಡಿನಲ್ಲಿ ಮುಗಿಸಿದ. ಐದನೆಯ ದಿನ ಅವನ ಮೂರನೇ ನಂಬರ್ ಬೆಲ್ಟ್ ಪಕ್ಕಕ್ಕೆ ಸರಿದು ಅಂಚು ಹರಿಯಿತು. ಒಂದು ರೋಲರ್ ತಿರುಗದೆ ಜಾಮ್ ಆಗಿದ್ದುದು ಅವನಿಗೆ ಎರಡು ದಿನದಿಂದ ಗೊತ್ತಿತ್ತು. ಸಣ್ಣ ವಿಷಯವೆಂದು ಹೇಳಿರಲಿಲ್ಲ. ಒಂದು ಯಂತ್ರದ ಹೆಸರೂ ಒಂದು ಅಂಕಿಯೂ ಇಲ್ಲದ ವರದಿ ಬಂದರೆ ಅಲ್ಲಿ ಏನೋ ಅಡಗಿದೆ ಎಂದು ತಿಳಿಯಬೇಕು. ಅಂಥವನನ್ನು “ಯಾ ಬೆಲ್ಟ್ ಅಣ್ಣಾ, ಎಷ್ಟು ರೋಲರ್?” ಎಂದು ಕೆದಕಬೇಕಾಗುತ್ತದೆ. ಉದ್ದ ಮಾತಿಗಿಂತ ಇಂಥ ಚುಟುಕು ಹೆಚ್ಚು ಅಪಾಯದ್ದು ಎಂಬುದು ಪ್ರಬಂಧಕಾರನ ಅಭಿಪ್ರಾಯ. ಕಾಕಾರ ಪುರಾಣದಲ್ಲಿ ಕಡೆಗಾದರೂ ಚಮಕ್ ಬಂದಿತ್ತು.

ಆದರೂ ಕಾಕಾರನ್ನು ನಿಲ್ಲಿಸುವುದು ಹೇಗೆ?

“ಜಲ್ದಿ ಹೇಳ್ರಿ” ಎಂದು ನೋಡಿದರು. ಕಾಕಾ ಮುಖ ಸಣ್ಣದು ಮಾಡಿಕೊಂಡು ಮೊದಲಿನಿಂದ ಶುರುಮಾಡಿದರು. “ಸಂಕ್ಷಿಪ್ತವಾಗಿ” ಎಂದರೆ, “ಸಂಕ್ಷಿಪ್ತನೇ ಹೇಳ್ತೀನ್ರಿ” ಎಂದು ತಾವು ನೌಕರಿಗೆ ಸೇರಿದ ವರ್ಷಕ್ಕೆ ಹೋದರು. ವಿದೇಶದ ಕೆಲವು ಕಚೇರಿಗಳಲ್ಲಿ ಮಾತು ಉದ್ದವಾದಾಗ ಎಲ್ಮೊ ಎಂಬ ಕೆಂಪು ಗೊಂಬೆಯನ್ನು ಎತ್ತಿ ತೋರಿಸುತ್ತಾರಂತೆ. ‘ಸಾಕು, ಮುಂದಕ್ಕೆ ಹೋಗೋಣ’ ಎನ್ನುವ ಇಂಗ್ಲಿಷ್ ಮಾತಿನ ಮೊದಲಕ್ಷರಗಳು ಆ ಹೆಸರಾಗುತ್ತವೆ. ಅರವತ್ತು ಸಮೀಪಿಸಿದ ಹಿರಿಯರಿಗೆ ಗೊಂಬೆ ತೋರಿಸುವ ಧೈರ್ಯ ವಾಡಿಯಲ್ಲಿ ಯಾರಿಗೂ ಬರಲಿಲ್ಲ.

ದಾರಿ ತೋರಿಸಿದ್ದು ಕಾಕಾರ ಊರಿನ ಕಲ್ಲೇ. ಶಹಾಬಾದಿನ ಪರ್ಸಿಯನ್ನು ದಪ್ಪಕ್ಕೆ ಗರಗಸ ಹಾಕಿ ಸೀಳಬೇಕಾಗಿಲ್ಲ. ಆ ಸುಣ್ಣದ ಕಲ್ಲು ಹುಟ್ಟಿನಿಂದಲೇ ಪದರು ಪದರಾಗಿರುತ್ತದೆ. ಪದರಿನ ಸಂದು ನೋಡಿ ಉಳಿ ಇಟ್ಟು ಮೆಲ್ಲಗೆ ಬಡಿದರೆ ಹಪ್ಪಳದಂತೆ ಬಿಡುತ್ತದೆ. ಸಂದು ತಪ್ಪಿ ಬಡಿದರೆ ಚೂರು. ಕಾಕಾರ ಮಾತಿಗೂ ಸಂದು ಇತ್ತು, ಅದರ ಹೆಸರು ‘ಆಮ್ಯಾಗ’. ಒಂದು ಸಂಗತಿ ಮುಗಿದು ಇನ್ನೊಂದು ಹುಟ್ಟುವ ಮುಂಚೆ ಅವರು ಆ ಪದ ಹೇಳಿ ಒಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದರು. ಉಳಿ ಇಡಬೇಕಾದದ್ದು ಅಲ್ಲಿ. ವಾಕ್ಯದ ನಡುವೆ ಬಾಯಿ ಹಾಕಿದರೆ ಅವಮಾನ, ಆಮ್ಯಾಗದ ಹತ್ತಿರ ಹಾಕಿದರೆ ಅದು ಸಂಭಾಷಣೆ.

“ಆಮ್ಯಾಗ…”

“ಕಾಕಾ, ಎಣ್ಣ್ಯಾಗ ಚಮಕ್ ಅದ ಅಂದ್ರಿ, ಬೋರ್ಡಿನ ಮ್ಯಾಲ ಬರದೀನಿ. ಸ್ಟೋರಿನ ಮಾತು ಲೂಪಿಗಿ ಹಾಕೂಣ್ರಿ. ಚಿತ್ತಾಪುರ ಅಣ್ಣಾ, ಪರ್ಮಿಟ್ ಎಷ್ಟೊತ್ತಿಗಿ ಕೊಡ್ತೀರಿ?”

ಮೊದಲು ಅವರನ್ನು ಕರೆಯುವುದು. ಬಳಿಕ ಅವರದೇ ಮುಖ್ಯ ಮಾತನ್ನು ಅವರಿಗೆ ಮರಳಿಸುವುದು, ಕೇಳಿಸಿಕೊಂಡಿದ್ದೇವೆ ಎಂಬುದಕ್ಕೆ ಸಾಕ್ಷಿಯಾಗಿ. ಕೊನೆಗೆ ಮುಂದಿನವರ ಊರು ಹಿಡಿದು ಒಂದು ಪ್ರಶ್ನೆ. ಈ ಕೊನೆಯದನ್ನು ಮರೆತು ಸುಮ್ಮನಾದರೆ ಆ ಖಾಲಿ ಜಾಗಕ್ಕೆ ಕಾಕಾ ಮತ್ತೆ ಬರುತ್ತಾರೆ.

‘ಲೂಪ್’ ವಾಡಿ ಹುಡುಗನ ಕೊಡುಗೆ. ಜಂಕ್ಷನ್ನಿನ ಊರಿನವನು ಅವನು. ಹಿಂದೆ ಎಕ್ಸ್‌ಪ್ರೆಸ್ ಬರುತ್ತಿದ್ದರೆ ಗೂಡ್ಸ್ ಗಾಡಿಯನ್ನು ಲೂಪ್ ಲೈನಿಗೆ ಸರಿಸಿ ನಿಲ್ಲಿಸುತ್ತಾರೆ. ಗೂಡ್ಸ್ ರದ್ದಾಗುವುದಿಲ್ಲ, ಎಕ್ಸ್‌ಪ್ರೆಸ್ ಹೋದ ಮೇಲೆ ಅದಕ್ಕೂ ಸಿಗ್ನಲ್ ಬೀಳುತ್ತದೆ. ಬೋರ್ಡಿನ ಬಲ ಅಂಚಿನಲ್ಲಿ ಎರಡು ಗೆರೆ ಎಳೆದು ‘ಲೂಪ್’ ಎಂದು ಬರೆದರು. ಇಬ್ಬರಿಗಷ್ಟೇ ಸಂಬಂಧಿಸಿದ ಚರ್ಚೆ, ಸ್ಟೋರಿನ ದೂರು, ಹಳೆಯ ಜಗಳ ಎಲ್ಲ ಅಲ್ಲಿಗೆ. ಸಭೆ ಮುಗಿದ ಮೇಲೆ ಬೇಕಾದವರಷ್ಟೇ ಉಳಿದು ಮಾತಾಡುತ್ತಾರೆ.

ಇದರಲ್ಲೂ ಒಂದು ವಾರ ಎಡವಟ್ಟಾಯಿತು. ಪ್ರಬಂಧಕಾರ ಉತ್ಸಾಹದಿಂದ ಹನ್ನೊಂದು ಸಂಗತಿ ಲೂಪಿಗೆ ತಳ್ಳಿ ಒಂದಕ್ಕೂ ಸಿಗ್ನಲ್ ಕೊಡಲಿಲ್ಲ. ಮರುವಾರ ಕಾಕಾ ಲೂಪಿಗೆ ಒಪ್ಪಲಿಲ್ಲ. “ಅಲ್ಲಿ ಹಾಕಿದ್ದು ತುಕ್ಕು ಹಿಡೀತದ್ರಿ” ಎಂದರು. ಅಂದಿನಿಂದ ಸಂಜೆಯೊಳಗೆ ಲೂಪ್ ಖಾಲಿಯಾಗಬೇಕು, ಇಲ್ಲವಾದರೆ ಯಾಕೆ ಆಗಲಿಲ್ಲ ಎಂದು ಮರುದಿನ ಸಾಹೇಬರೇ ಮೊದಲು ಹೇಳಬೇಕು ಎಂದಾಯಿತು.

ಎಷ್ಟೇ ಉದ್ದವಾದರೂ ಕಡಿಯದೆ ಕೇಳುವ ಮಾತು ಒಂದೇ, ಯಾರಿಗಾದರೂ ಪೆಟ್ಟಾಗಬಹುದಾದ ಸಂಗತಿ. ಕಂಬಿ ಸಡಿಲ, ಗಾರ್ಡ್ ಕಳಚಿದೆ ಎಂದವರಿಗೆ ಲೂಪ್ ಇಲ್ಲ. ಅಂಥ ದಿನ ಸಭೆ ನಿಲ್ಲಿಸಿ ಎಲ್ಲರೂ ಅತ್ತ ನಡೆಯುತ್ತಾರೆ.

ಈಗ ಸಭೆ 12 ನಿಮಿಷ. ಎಂಟು ಜನರ ಲೆಕ್ಕಕ್ಕೆ 96 ನಿಮಿಷ. ಕಾಕಾ ನಿವೃತ್ತರಾಗುವ ದಿನ ಮಾತ್ರ ಕುರ್ಚಿಗಳನ್ನು ಸ್ಟೋರಿನಿಂದ ವಾಪಸು ತರಿಸಿ, ಬೋರ್ಡಿನ ಮೇಲಿನ ಲೂಪ್ ಅಳಿಸಿದ್ದರು. ಕಾಕಾ ಒಂದು ತಾಸು ಹತ್ತು ನಿಮಿಷ ಮಾತಾಡಿದರು, ಆಮ್ಯಾಗ ಬಂದಾಗಲೆಲ್ಲ ಉಸಿರು ತೆಗೆದುಕೊಳ್ಳಲು ನಿಂತು ಎಲ್ಲರ ಮುಖ ನೋಡಿದರು, ಯಾರೂ ಬಾಯಿ ಹಾಕಲಿಲ್ಲ. ಸ್ಟೋರಿನವನ ಮಗಳ ಲಗ್ನ ಸೇಡಂನಲ್ಲಿ ಚೆನ್ನಾಗಿ ನಡೆದಿತ್ತಂತೆ.