ತಾವು ಬರಲೇಬೇಕು, ಮೇಡಂ!

ಸಂಚಾಲಕರು: ನಮಸ್ಕಾರ ಮೇಡಂ, ನಮ್ಮ ಕಾಲೇಜಿನಿಂದ ಒಂದು ವೆಬಿನಾರ್ ಇಟ್ಕೊಂಡಿದೀವಿ. ತಾವು ಮಾತಾಡ್ಲೇಬೇಕು.

ಮೇಡಂ: ವಿಷಯ?

ಸಂಚಾಲಕರು: ‘ನೀರು ಮತ್ತು ನಾವು’.

ಮೇಡಂ: ನಾನು ಮಳೆನೀರು ಕೊಯ್ಲಿನವಳು.

ಸಂಚಾಲಕರು: ಅದೂ ನೀರೇ ಅಲ್ವಾ ಮೇಡಂ!

ಮೇಡಂ: ಕೇಳೋರು ಯಾರು?

ಸಂಚಾಲಕರು: ಎಲ್ಲರೂ! ವಿದ್ಯಾರ್ಥಿಗಳು, ರೈತರು, ಗೃಹಿಣಿಯರು...

ಮೇಡಂ: ಬಿ.ಎಸ್ಸಿ. ಹುಡುಗರಿಗಾದ್ರೆ ಲೆಕ್ಕ ಹೇಳ್ತೀನಿ: 100 ಚದರ ಮೀಟರ್ ಚಾವಣಿ ಮೇಲೆ 10 ಮಿ.ಮೀ. ಮಳೆ ಬಿದ್ರೆ 1000 ಲೀಟರ್. ಮನೆಯವರಿಗಾದ್ರೆ ಸೋಸೋ ಡ್ರಮ್ಮು ತೊಳೆಯೋದು ತೋರಿಸ್ಬೇಕು. ಎರಡೂ ಬೇರೆ ಬೇರೆ ಭಾಷಣ. ದಿನಾಂಕ?

ಸಂಚಾಲಕರು: ಮುಂದಿನ ವಾರ, ಸಂಜೆ ಮೇಲೆ. ಎರಡು ಗಂಟೆ ಕಾರ್ಯಕ್ರಮ. ಪ್ರಾರ್ಥನೆ, ಸ್ವಾಗತ, ಪ್ರಾಂಶುಪಾಲರ ನಾಲ್ಕು ಮಾತು ಮುಗಿದ್ಮೇಲೆ ತಮಗೆ ಇಪ್ಪತ್ತು ನಿಮಿಷ.

ಮೇಡಂ: ಗೌರವಧನ?

ಸಂಚಾಲಕರು: ಹಲೋ... ಹಲೋ... ಕೇಳಿಸ್ತಿಲ್ಲ ಮೇಡಂ.

(ಈ ಪದ ಬಂದಾಗಲೇ ನಾಡಿನಾದ್ಯಂತ ನೆಟ್‌ವರ್ಕ್ ಕೈಕೊಡುತ್ತದೆ.)

ಮೇಡಂ: ಹಾಗಾದ್ರೆ ಹೀಗೆ ಮೇಲ್ ಹಾಕಿ. ‘ವಿಷಯ: ಚಾವಣಿ ಮಳೆನೀರಿನ ಲೆಕ್ಕ. ಕೇಳುವವರು: ಎರಡನೇ ವರ್ಷದ ಬಿ.ಎಸ್ಸಿ.ಯ 60 ಮಂದಿ, ಕನ್ನಡದಲ್ಲಿ.’ ತಾರೀಕು, ವಾರ ಎರಡೂ ಹಾಕಿ. ಸಂಜೆ 4ರಿಂದ 5. 40 ನಿಮಿಷ ಮಾತು, 20 ನಿಮಿಷ ಪ್ರಶ್ನೆ. ಗೌರವಧನ ಎಷ್ಟು, ತೆರಿಗೆ ಕಡಿತ ಇದೆಯಾ, ಖಾತೆಗೆ ಯಾವತ್ತು ಬರುತ್ತೆ ಅಂತ ಬರೀರಿ. ಕೊಡೋಕಾಗಲ್ಲ ಅಂದ್ರೆ ‘ಇಲ್ಲ’ ಅಂತಲೇ ಬರೀರಿ, ನಾನು ಯೋಚಿಸಿ ಹೇಳ್ತೀನಿ.

ಮೇಲ್ ಬಂತು. ಎಲ್ಲವೂ ಹೇಳಿದಂತೆಯೇ ಇತ್ತು. ಗೌರವಧನದ ಮುಂದೆ ಮಾತ್ರ ‘ಇ-ಪ್ರಮಾಣಪತ್ರ ಹಾಗೂ ಹೃತ್ಪೂರ್ವಕ ಕೃತಜ್ಞತೆಗಳು’ ಎಂದಿತ್ತು. ಮೇಡಂ ಒಪ್ಪಲಿಲ್ಲ. ಆದರೆ ಅವರ ಫೋಟೊ ಇರುವ ಪೋಸ್ಟರ್ ಹಿಂದಿನ ದಿನವೇ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹೋಗಿಯಾಗಿತ್ತು.