ನಿಜವಾ ರಾಯರು

ಅಂಬತ್ತೂರಿನ ವೆಂಕಟಾಪುರದಲ್ಲಿ ಹಿಂಗಾರು ಹಿಡಿಯಿತು ಅನ್ನುವುದಕ್ಕೆ ಎರಡು ಗುರುತು. ಒಂದು, ಬೀದಿ ಮೂಲೆಯಲ್ಲಿ ನಿಲ್ಲುವ ನೀರು. ಇನ್ನೊಂದು, ನೆಲಮಹಡಿಯ ರಾಯರ ಫೋನಿನಿಂದ ಕಟ್ಟಡದ ವಾಟ್ಸಾಪ್ ಗುಂಪಿಗೆ ಹೊರಡುವ ಸಂದೇಶ. ಎಲ್ಲೋ ಹುಟ್ಟಿ, ಊರೆಲ್ಲ ಸುತ್ತಿ, ತಲೆಯ ಮೇಲೊಂದು ಕೆಂಪು ಸೈರನ್ ಹೊತ್ತು ಬಂದದ್ದನ್ನು ರಾಯರು ಹಾಗೇ ಮುಂದೆ ತಳ್ಳಿ, ಕೆಳಗೆ ಎರಡೇ ಮಾತು ಬರೆಯುತ್ತಾರೆ: ‘ಇದು ನಿಜವಾ?’

ಕಟ್ಟಡದ ಕನ್ನಡದವರು ಅವರನ್ನು ‘ನಿಜವಾ ರಾಯರು’ ಅನ್ನುತ್ತಾರೆ. ತಮಿಳರ ಮನೆಯ ಮಕ್ಕಳಿಗೆ ಅವರು ‘ಉಣ್ಮೈಯಾ ಮಾಮಾ’. ಎರಡೂ ರಾಯರ ಕಿವಿಗೆ ಬಿದ್ದಿವೆ. ಕೋಪವೇನಿಲ್ಲ. ‘ಕೇಳೋದರಲ್ಲಿ ತಪ್ಪೇನಿದೆ ಸ್ವಾಮಿ? ನಾನು ನಿಜ ಅಂತ ಎಲ್ಲಿ ಹೇಳ್ದೆ?’ ಅನ್ನುತ್ತಾರೆ. ಈ ವಾದಕ್ಕೆ ಮೊದಲ ಮಹಡಿಯ ಬರಹಗಾರನ ಹತ್ತಿರ ಬಹಳ ಕಾಲ ಉತ್ತರವಿರಲಿಲ್ಲ.

ರಾಯರು ದಡ್ಡರಲ್ಲ ಅನ್ನುವುದೇ ಇಲ್ಲಿಯ ತೊಡಕು. ಅಂಬತ್ತೂರು ಎಸ್ಟೇಟಿನ ಒಂದು ಬೋಲ್ಟು-ನಟ್ಟಿನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಮೇಜಿನ ಮುಂದೆ ಕೂತು ನಿವೃತ್ತರಾದವರು. ಗೋ–ನೋಗೋ ಗೇಜು ಹಿಡಿದರೆ ಸಾಕ್ಷಾತ್ ಯಮ. ಗೇಜಿನ ‘ಗೋ’ ತುದಿ ಒಳಗೆ ಹೋಗಬೇಕು, ‘ನೋಗೋ’ ತುದಿ ಹೋಗಬಾರದು. ಒಂದು ನಟ್ಟು ಕೈಕೊಟ್ಟರೆ ಇಡೀ ಲಾಟು ವಾಪಸ್. ಈಗಲೂ ತರಕಾರಿ ಗಾಡಿಯ ತಕ್ಕಡಿಯನ್ನು ಅವರು ಬರಿಗಣ್ಣಿಂದ ಅಳೆಯುತ್ತಾರೆ. ಕಾಫಿಪುಡಿಗೆ ಚಿಕೋರಿ ಎಷ್ಟು ಬಿದ್ದಿದೆ ಅನ್ನುವುದು ಮೂಗಿಗೇ ತಿಳಿಯುತ್ತದೆ. ಫೋನು ಕೈಗೆ ಬಂದ ಕ್ಷಣ ಮಾತ್ರ ಗೇಜು ಎಲ್ಲೋ ಕಳೆದುಹೋಗಿ, ಬಂದ ಲಾಟೆಲ್ಲ ಪಾಸ್.

ಅವರ ಮಿಕ್ಕ ಗುಣಗಳು ಇಂಥ ಎಲ್ಲರಲ್ಲೂ ಇರುವಂಥವೇ. ಬೆಳಿಗ್ಗೆ ಐದಕ್ಕೆ ಶುಭೋದಯ, ಹಬ್ಬಕ್ಕೆ ಮಿನುಗುವ ದೀಪ, ಸಕ್ಕರೆ ಕಾಯಿಲೆಗೆ ಬೆಂಡೆಕಾಯಿ ನೀರು. ಅವನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಚೆಂಬರಂಬಾಕ್ಕಂ.

ಒಂದು ಹಿಂಗಾರಿನ ರಾತ್ರಿ, ಊಟ ಮುಗಿದು ಜನ ಮಲಗುವ ಹೊತ್ತಿಗೆ ಬಂದ ಸಂದೇಶ ಹೀಗಿತ್ತು: ‘ಚೆಂಬರಂಬಾಕ್ಕಂ ಕೆರೆಯ ಆಳವೇ 24 ಅಡಿ. ಈಗ ನೀರು 84 ಅಡಿಗೆ ಏರಿದೆ. ಏರಿ ಒಡೆದಿದೆ. ಇಂದು ರಾತ್ರಿ ಅಂಬತ್ತೂರು ಮುಳುಗಲಿದೆ. ಪಿಡಬ್ಲ್ಯುಡಿಯಲ್ಲಿರುವ ಗೆಳೆಯರು ಹೇಳಿದ್ದು.’ ಜೊತೆಗೊಂದು ವಿಡಿಯೊ: ಸಾಲು ಗೇಟುಗಳಿಂದ ನೊರೆಯುಕ್ಕಿಸಿ ಧುಮುಕುವ ನೀರು. ಕೆಳಗೆ ರಾಯರ ಎರಡು ಮಾತು. ಹತ್ತು ನಿಮಿಷದಲ್ಲಿ ಮೂರನೇ ಮಹಡಿಯವರು ಅಕ್ಕಿ ಮೂಟೆಯನ್ನು ಅಟ್ಟಕ್ಕೇರಿಸಿದರು. ಮೂರನೇ ಮಹಡಿಗೂ ಅಟ್ಟ ಯಾಕೆ ಬೇಕಾಯಿತೋ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸ್ಕೂಟರುಗಳು ಎತ್ತರದ ಜಾಗ ಹುಡುಕಿ ಹೊರಟವು.

ಮೊದಲ ಮಹಡಿಯ ಬರಹಗಾರ ಇಂಥ ಹೊತ್ತಿಗಾಗಿಯೇ ಹುಟ್ಟಿದವನಂತೆ ಕನ್ನಡಕ ಏರಿಸಿ ಕೂತ. ಹೆಂಡತಿ ದೀಪ ಆರಿಸಿದರೂ ಏಳಲಿಲ್ಲ.

ಸಂದೇಶದ ವಿಚಿತ್ರವೆಂದರೆ 24 ಕೂಡ ಸರಿ, 84 ಕೂಡ ಸರಿ ಇರಬಹುದು. ಪತ್ರಿಕೆಗಳು ಕೆರೆಯ ನೀರನ್ನು ತಳದಿಂದ ಅಳೆದು ಹೇಳುತ್ತವೆ. ಆ ಲೆಕ್ಕದಲ್ಲಿ ಚೆಂಬರಂಬಾಕ್ಕಂ ತುಂಬಿದಾಗ 24 ಅಡಿ. ಚೆನ್ನೈ ಮೆಟ್ರೋವಾಟರ್‌ನವರು ಪೂಂಡಿ, ಚೋಳವರಂ, ರೆಡ್‌ಹಿಲ್ಸ್, ಚೆಂಬರಂಬಾಕ್ಕಂಗಳ ಮಟ್ಟವನ್ನು ದಿನವೂ ಕೋಷ್ಟಕವಾಗಿ ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತಾರಲ್ಲ, ಅಲ್ಲಿ ಅಳತೆ ಸಮುದ್ರಮಟ್ಟದಿಂದ. ಆ ಲೆಕ್ಕದಲ್ಲಿ ಅದೇ ಕೆರೆ ತುಂಬಿದಾಗ 85.40 ಅಡಿ. ಎರಡಕ್ಕೂ ನಡುವಿನ ಅಂತರ 61.40. ಅಂದರೆ ಕೋಷ್ಟಕದ 84, ಪತ್ರಿಕೆಯ 22.60. ಕೆರೆ ತುಂಬಲು ಇನ್ನೂ ಅಡಿಯ ಮೇಲೆ ಬಾಕಿ. ಯಾರೋ ಪುಣ್ಯಾತ್ಮ ಒಂದು ಅಂಕಿಯನ್ನು ಇಲ್ಲಿಂದ, ಇನ್ನೊಂದನ್ನು ಅಲ್ಲಿಂದ ಎತ್ತಿ ಪಕ್ಕದಲ್ಲಿಟ್ಟಿದ್ದ. ಅವನ ಲೆಕ್ಕ ನಿಜವಾಗಬೇಕಾದರೆ ಕೆರೆಯ ಮೇಲೆ 60 ಅಡಿ ನೀರು ಗೋಡೆಯಿಲ್ಲದೆ ಗಾಳಿಯಲ್ಲಿ ನಿಂತಿರಬೇಕು.

ಮುಂದೆ ವಿಡಿಯೊ. ಅದನ್ನು ನಿಲ್ಲಿಸಿ, ಗೇಟುಗಳನ್ನು ಒಂದೊಂದಾಗಿ ಎಣಿಸಿದರೆ ಹದಿನಾರು. ಚೆಂಬರಂಬಾಕ್ಕಂನ ಹೆಚ್ಚುವರಿ ನೀರು ಹೊರಬೀಳುವುದು ಎರಡು ಕಡೆ: ಒಂದರಲ್ಲಿ 5 ಕಣ್ಣು, ಇನ್ನೊಂದರಲ್ಲಿ 19. ತಮಿಳುನಾಡಿನಲ್ಲಿ ‘ಹದಿನಾರು ಕಣ್ಣಿನ ಮದಗು’ ಅಂದರೆ ಮಕ್ಕಳೂ ಹೇಳುತ್ತಾರೆ, ಮೇಟ್ಟೂರು ಅಂತ. ಫೋನಿನಲ್ಲಿ ಧುಮುಕುತ್ತಿದ್ದದ್ದು ಕರ್ನಾಟಕದಿಂದ ಇಳಿದುಬಂದ ಕಾವೇರಿ. ಆ ಚೌಕಟ್ಟಿನ ಚಿತ್ರ ತೆಗೆದು ಗೂಗಲಿನ ಚಿತ್ರಹುಡುಕಾಟಕ್ಕೆ ಹಾಕಿದರೆ ಹಿಂದಿನ ವರ್ಷದ ಒಂದು ಸುದ್ದಿಯಲ್ಲಿ ಅದೇ ದೃಶ್ಯ ಸಿಕ್ಕಿತು. ಇದೊಂದು ಅದೃಷ್ಟ. ಹಳೆಯದು ಸಿಕ್ಕಿದರೆ ವಿಡಿಯೊ ಹಳೆಯದು ಅನ್ನುವುದು ಖಚಿತ. ಸಿಗದಿದ್ದರೆ ಹೊಸದು ಅಂತ ಖಚಿತವಾಗುವುದಿಲ್ಲ. ಗೇಟುಗಳ ಅರ್ಧ ಸಾಲು ಮಾತ್ರ ಕಂಡಿದ್ದರೆ ಎಣಿಕೆಯೂ ಕೆಲಸಕ್ಕೆ ಬರುತ್ತಿರಲಿಲ್ಲ.

ಕೊನೆಗೆ ಭೂಗೋಳ. ಚೆಂಬರಂಬಾಕ್ಕಂನಿಂದ ಬಿಟ್ಟ ನೀರು ಅಡ್ಯಾರು ನದಿ ಸೇರಿ, ಸೈದಾಪೇಟೆ ದಾಟಿ ಸಮುದ್ರಕ್ಕೆ ಹೋಗುತ್ತದೆ. ಅಂಬತ್ತೂರು ಇರುವುದು ಕೂವಂ ನದಿಯ ಉತ್ತರಕ್ಕೆ. ಇಲ್ಲಿಯ ಕೆರೆ ತುಂಬಿದರೆ ನೀರು ಕೊರಟ್ಟೂರಿನ ಕಡೆ ಹರಿಯುತ್ತದೆ. ಚೆಂಬರಂಬಾಕ್ಕಂನ ನೀರು ಈ ಊರನ್ನು ಮುಳುಗಿಸಬೇಕಾದರೆ ನಡುವೆ ಕೂವಂ ದಾಟಿ ಬರಬೇಕು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಅಂಬತ್ತೂರು ಎಸ್ಟೇಟು ಮುಳುಗಿದ್ದು ಸುಳ್ಳಲ್ಲ. ಅದು ಇಲ್ಲೇ ಸುರಿದು ಇಲ್ಲೇ ನಿಂತ ಮಳೆ.

ಇಷ್ಟನ್ನೂ ಬರಹಗಾರ ಅಂಕಿಸಂಖ್ಯೆ ಸಮೇತ, ಪ್ಯಾರಾ ಒಡೆದು, ಅಲ್ಪವಿರಾಮ ತಪ್ಪದೆ ಬರೆದು ರಾತ್ರಿ ಒಂದಕ್ಕೆ ಗುಂಪಿಗೆ ಹಾಕಿದ. ಬೆಳಿಗ್ಗೆ ನೋಡಿದರೆ ಒಂದು ಹೆಬ್ಬೆರಳು. ಅದೂ ಅವನ ಭಾಮೈದನದು.

ಆಗ ಅವನಿಗೆ ರಾಯರ ಎರಡು ಮಾತಿನ ಕರಾಮತ್ತು ಕಂಡಿತು. ವಾಟ್ಸಾಪಿನಲ್ಲಿ ಮುಂದೆ ಕಳಿಸಿದ ಸಂದೇಶ ಒಂದು ಗುಳ್ಳೆ, ಕೆಳಗೆ ಬರೆದ ‘ಇದು ನಿಜವಾ?’ ಬೇರೆಯೇ ಗುಳ್ಳೆ. ಓದಿದವರು ತಮ್ಮ ಅಕ್ಕ, ಭಾವ, ಆಫೀಸಿನವರಿಗೆ ದಾಟಿಸುವಾಗ ಮೊದಲನೆಯದನ್ನಷ್ಟೇ ಒತ್ತಿ ಹಿಡಿಯುತ್ತಾರೆ. ಸುದ್ದಿ ತಾಂಬರಂ ತಲುಪುತ್ತದೆ. ಸಂಶಯ ವೆಂಕಟಾಪುರದಲ್ಲೇ ಇಳಿದುಕೊಳ್ಳುತ್ತದೆ. ಬರಹಗಾರನ ಉತ್ತರವೂ ಅಷ್ಟೇ, ಕೇಳಿದವರ ಗುಂಪಿಗೆ ಬಂತು, ಸುದ್ದಿ ಹೋದ ಮನೆಗಳಿಗೆ ಹೋಗಲಿಲ್ಲ.

ಬಹಳ ಕೈ ದಾಟಿದ ಸಂದೇಶಕ್ಕೆ ವಾಟ್ಸಾಪ್ ಜೋಡಿ ಬಾಣದ ಗುರುತು ಹಾಕುತ್ತದೆ. 2020ರಿಂದ ಅಂಥದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ‘ಸುಮ್ಮನೆ ಕಳಿಸ್ಬೇಡಿ’ ಅನ್ನುವ ಈ ಬಾಣವನ್ನು ರಾಯರು ಐಎಸ್‌ಐ ಮುದ್ರೆ ಅಂದುಕೊಂಡಿದ್ದರು: ಇಷ್ಟು ಜನ ಕಳಿಸಿದ್ದಾರೆಂದ ಮೇಲೆ ಏನೋ ಇರಬೇಕು. ಒಂದೇ ಕಡೆ ಹೋಗುತ್ತದೆ ಅನ್ನುವ ಕಿರಿಕಿರಿಗೂ ದಾರಿ ಕಂಡುಕೊಂಡರು. ಮೊಮ್ಮಗಳು ಕಾಪಿ-ಪೇಸ್ಟ್ ಕಲಿಸಿಕೊಟ್ಟಳು. ಹಾಗೆ ಅಂಟಿಸಿದ ಮಾತಿಗೆ ಬಾಣದ ಗುರುತೇ ಇರುವುದಿಲ್ಲ. ಊರೂರು ಸುತ್ತಿದ ಸುದ್ದಿ ರಾಯರೇ ಕಣ್ಣಾರೆ ಕಂಡು ಬರೆದಂತೆ ಕಾಣುತ್ತದೆ.

ನಗುವ ಮಾತೇ ಆಗಿದ್ದರೆ ಇಷ್ಟಕ್ಕೇ ಬಿಡಬಹುದಿತ್ತು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುದ್ದಿ ಹೀಗೇ ಹರಿದಾಡಿತು. ತಿರುವಣ್ಣಾಮಲೈ ಜಿಲ್ಲೆಯ ಪೋಳೂರಿನ ಬಳಿ ಮಕ್ಕಳಿಗೆ ಚಾಕೊಲೇಟು ಕೊಟ್ಟ ವೃದ್ಧೆಯೊಬ್ಬರನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ತರುಣನೊಬ್ಬ ಹೀಗೇ ಸತ್ತ. ಆಗ ಸುತ್ತುತ್ತಿದ್ದ ಒಂದು ವಿಡಿಯೊದಲ್ಲಿ ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತೆಗೆದ ಜಾಗೃತಿಚಿತ್ರ. ಕೊನೆಯಲ್ಲಿ ಬೈಕಿನವನು ಮಗುವನ್ನು ವಾಪಸು ತಂದುಬಿಟ್ಟು, ಎಚ್ಚರಿಕೆಯ ಫಲಕ ಹಿಡಿಯುತ್ತಾನೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಆ ದಿನಗಳಲ್ಲೂ ರಾಯರಂಥವರು ಕೆಳಗೆ ಎರಡು ಮಾತು ಬರೆದೇ ಕಳಿಸಿದ್ದರು.

ಇದನ್ನೆಲ್ಲ ಮುಖಕ್ಕೆ ಹೇಳಿಯೇಬಿಡಬೇಕೆಂದು ಬರಹಗಾರ ಒಂದು ಸಂಜೆ ನೆಲಮಹಡಿಗೆ ಇಳಿದ. ನಕ್ಷೆ ತೋರಿಸಿದ, ಕೂವಂ ತೋರಿಸಿದ, ‘ರಾಯರೇ, ಆ ನೀರು ನಮ್ಮೂರಿಗೆ ಬರೋದೇ ಇಲ್ಲ’ ಅಂತ ಗೆದ್ದವನ ಹಾಗೆ ಕೂತ.

ರಾಯರು ಕಾಫಿ ಆರಿಸುತ್ತ ಅಂದರು: ‘ನಮ್ಮೂರಿಗೆ ಬರಲ್ಲಪ್ಪ. ಮಗಳ ಮನೆ ಸೈದಾಪೇಟೇಲಿ ಅಲ್ವಾ?’

2015ರ ಡಿಸೆಂಬರ್ 1ರ ರಾತ್ರಿ ಚೆಂಬರಂಬಾಕ್ಕಂನಿಂದ ಸೆಕೆಂಡಿಗೆ 29,000 ಘನ ಅಡಿ, ಅಂದರೆ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರು ಬಿಟ್ಟರು. ಸಿಎಜಿ ವರದಿ ಮುಂದೆ ಆ ನಿರ್ಧಾರವನ್ನೇ ಟೀಕಿಸಿತು. ಅಡ್ಯಾರಿನ ದಡದವರಿಗೆ ನೀರು ಬಂದದ್ದು ಗೊತ್ತಾದದ್ದು ನೀರು ಬಂದ ಮೇಲೆ. ಮಗಳ ಫೋನು ಆಮೇಲೆ ಎಷ್ಟು ಹೊತ್ತು ಹತ್ತಲಿಲ್ಲ ಅನ್ನುವುದನ್ನು ರಾಯರು ಹೇಳಲಿಲ್ಲ; ಅವರ ಹೆಂಡತಿ ಅಡುಗೆಮನೆಯಿಂದ ಹೇಳಿದರು. ಸುದ್ದಿ ಬರಲೇ ಇಲ್ಲ ಅನ್ನುವುದನ್ನು ಒಮ್ಮೆ ಅನುಭವಿಸಿದ ಮನುಷ್ಯ, ಬಂದ ಯಾವ ಸುದ್ದಿಯನ್ನೂ ತಡೆಯಲಾರದವನಾಗಿದ್ದ.

‘ಸರಿ, ಹೇಳಿ. ಇವತ್ತು ರಾತ್ರಿ ಗೇಟು ಎಷ್ಟು ತೆಗೀತಾರೆ?’ ರಾಯರು ಕೇಳಿದರು.

ಬರಹಗಾರನ ಗೇಜು ಇಲ್ಲಿ ನಿಂತಿತು. ಕೋಷ್ಟಕ ಬೆಳಿಗ್ಗೆಯ ಮಟ್ಟ ಹೇಳುತ್ತದೆ, ಒಳಬಂದದ್ದೆಷ್ಟು, ಹೊರಹೋದದ್ದೆಷ್ಟು ಹೇಳುತ್ತದೆ, ರಾತ್ರಿಯದು ಅದರಲ್ಲಿಲ್ಲ. ಹವಾಮಾನ ಇಲಾಖೆ ಜಿಲ್ಲೆಗೆ ಕಿತ್ತಳೆ, ಕೆಂಪು ಅಂತ ಎಚ್ಚರಿಕೆ ಕೊಡಬಲ್ಲದು. ಕೆರೆಯ ಜಲಾನಯನದ ಮೇಲೇ ಎಷ್ಟು ಸುರಿಯುತ್ತದೆ ಅಂತ ಮೊದಲೇ ಬರೆದುಕೊಡಲಾರದು. ಕೆರೆಯ ಕೆಳಗಡೆ ಅಡ್ಯಾರಿಗೆ ಬೇರೆ ಹಳ್ಳಗಳಿಂದ ಸೇರುವ ನೀರಿಗೆ ಗೇಟೇ ಇಲ್ಲ. ಆ ಪಿಡಬ್ಲ್ಯುಡಿಯ ಗೆಳೆಯ ಇದ್ದಾನೋ ಇಲ್ಲವೋ ತಿಳಿಯುವ ದಾರಿಯೂ ಇಲ್ಲ. ಮೊದಲು ಬರೆದವರು ಯಾರು ಅನ್ನುವುದನ್ನು ವಾಟ್ಸಾಪ್ ಓದುಗರಿಗೆ ತೋರಿಸುವುದಿಲ್ಲ. ಜಿಲ್ಲಾಧಿಕಾರಿಯ ಪ್ರಕಟಣೆ ಬರುವವರೆಗೆ ಕಾಯಬೇಕು ಅಂದ. 2015 ಕಂಡವರ ಮುಂದೆ ಆ ಮಾತು ಅವನಿಗೇ ತೆಳುವಾಗಿ ಕೇಳಿಸಿತು.

ಆದರೂ ರಾಯರು ಸಂದೇಶ ಬಂದರೆ ಮೊದಲು ತಾರೀಖು ಇದೆಯಾ ನೋಡುವುದಕ್ಕೆ ಒಪ್ಪಿದರು. ‘ಇಂದು ರಾತ್ರಿ’ ಅಂತಷ್ಟೇ ಇದ್ದದ್ದು ಪ್ರತಿ ವರ್ಷವೂ ಇಂದು ರಾತ್ರಿಯೇ ಅನ್ನುವುದು ಇನ್‌ಸ್ಪೆಕ್ಷನ್ ಮನುಷ್ಯನಿಗೆ ತಕ್ಷಣ ಹಿಡಿಸಿತು. ಮರುದಿನದಿಂದ ಮೆಟ್ರೋವಾಟರ್ ಕೋಷ್ಟಕದ ಚಿತ್ರ ತೆಗೆದು, ಕೆಳಗೆ ‘ಸೈದಾಪೇಟೆಗೆ ಸದ್ಯ ಭಯವಿಲ್ಲ’ ಅಂತ ಸ್ವಂತ ಕೈಯಿಂದ ಬರೆದು ಗುಂಪಿಗೂ ನೆಂಟರಿಗೂ ಹಾಕತೊಡಗಿದರು. ಯಾರೂ ಮುಂದೆ ಕಳಿಸಲಿಲ್ಲ, ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಮೂರನೇ ದಿನ ಮೈಸೂರಿನಿಂದ ಅವರ ಅತ್ತಿಗೆ ಗಾಬರಿಯಾಗಿ ಫೋನು ಮಾಡಿದರು: ‘ಏನಪ್ಪ, ದಿನಾ ಭಯವಿಲ್ಲ ಭಯವಿಲ್ಲ ಅಂತ ಹಾಕ್ತಿದ್ದೀಯಲ್ಲ, ಅಲ್ಲಿ ಅಂಥದ್ದೇನಾಗಿದೆ?’